ಬೈನರಿ ವೇರಿಯಬಲ್‌ನಲ್ಲಿ ‘ಹೀಗಾದರೆ ಹಾಗೆ’ ಮತ್ತು ‘ಇಷ್ಟರಲ್ಲಿ ಇಷ್ಟೇ’: ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ನಾವು ಕೆಲವರು ಕನ್ನಡದವರು ಕೂತು ಲೆಕ್ಕದ ಮಾದರಿ ಬರೆಯುವುದನ್ನು ಕಲಿಯುತ್ತೇವೆ. ಪುಣೆಯಿಂದ ಬರುವ ಇಂಜಿನಿಯರಿಂಗ್ ಹುಡುಗರಿದ್ದಾರೆ. ಹೋಟೆಲ್ ನಡೆಸುವವರಿದ್ದಾರೆ. ಗೋವಾದಿಂದ ಮೆಸೇಜಿನಲ್ಲೇ ಪ್ರಶ್ನೆ ಕಳಿಸುವ ಒಬ್ಬ ಅಕ್ಕ ಇದ್ದಾರೆ. ಎಲ್ಲರೂ ಸುತ್ತಿ ಬಳಸಿ ಕೇಳುವುದು ಹತ್ತು ಹನ್ನೆರಡು ಪ್ರಶ್ನೆಗಳನ್ನೇ. ಅವನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ.

ಎಲ್ಲ ಉತ್ತರಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ. ಮುಂಬೈನಲ್ಲಿ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಹೋಟೆಲು, ಅಂಗಡಿಗಳಿಗೆ ಕೊಡುವ ಒಂದು ವ್ಯಾಪಾರ. ದಿನಕ್ಕೆ 900 ಕೆಜಿ ಬೇಕು. ಗ್ರೈಂಡರ್ ಇಡಲು ಐದು ಕಡೆ ಬಾಡಿಗೆ ಶೆಡ್ ನೋಡಿದ್ದಾರೆ. ಯಾವ ಶೆಡ್ ತೆರೆದು, ಎಲ್ಲಿ ಎಷ್ಟು ರುಬ್ಬಿದರೆ ದಿನದ ಖರ್ಚು ಅತಿ ಕಡಿಮೆ ಅಂತ ಕಂಡುಹಿಡಿಯಬೇಕು. ಕೈಯಲ್ಲೇ ಲೆಕ್ಕ ಹಾಕಲು ಬರಲಿ ಅಂತ ಅಂಕಿಗಳನ್ನು ನಾನೇ ಸರಳವಾಗಿ ಇಟ್ಟಿದ್ದೇನೆ.

| ಜಾಗ | ದಿನದ ಬಾಡಿಗೆ (ರೂ.) | ಗರಿಷ್ಠ ಹಿಟ್ಟು (ಕೆಜಿ) | ಕೆಜಿಗೆ ಖರ್ಚು (ರೂ.) |
|---|---|---|---|
| ಮಾಟುಂಗಾ | 4000 | 500 | 6 |
| ಮುಲುಂಡ್ | 2500 | 400 | 8 |
| ಡೊಂಬಿವಲಿ | 1500 | 600 | 10 |
| ವಾಶಿ | 2800 | 450 | 8 |
| ಅಂಧೇರಿ | 3600 | 500 | 7 |

## ಮೊದಲ ಮೆಟ್ಟಿಲು

“ಬೈನರಿ ವೇರಿಯಬಲ್ ಅಂದರೆ ಬರೀ ಹೌದು-ಇಲ್ಲ ತಾನೆ? ಅದಕ್ಕೆ 0, 1 ಅಂತಲೇ ಯಾಕೆ ಬರೀಬೇಕು?”

ಕೂಡಿಸಲು ಬರಲಿ ಅಂತ. ‘ಹೌದು’ ಮತ್ತು ‘ಹೌದು’ ಕೂಡಿಸಿದರೆ ಏನೂ ಬರುವುದಿಲ್ಲ. 1 ಮತ್ತು 1 ಕೂಡಿಸಿದರೆ 2 ಬರುತ್ತದೆ, ಅಂದರೆ ಎರಡು ಶೆಡ್ ತೆರೆದಿವೆ ಎಂದು ಗೊತ್ತಾಗುತ್ತದೆ. ಪ್ರತಿ ಶೆಡ್ಡಿಗೂ ಒಂದು ಸ್ವಿಚ್ ಇದೆ ಅಂದುಕೊಳ್ಳಿ. ತೆರೆದರೆ 1, ಮುಚ್ಚಿದರೆ 0. ಮಾಟುಂಗಾದ ಸ್ವಿಚ್ಚಿಗೆ `y_ma`, ಮುಲುಂಡಿಗೆ `y_mu`, ಡೊಂಬಿವಲಿಗೆ `y_do`, ವಾಶಿಗೆ `y_va`, ಅಂಧೇರಿಗೆ `y_an` ಅಂತ ಹೆಸರಿಡೋಣ. ಬಾಡಿಗೆಯನ್ನು `4000*y_ma` ಎಂದು ಬರೆದರೆ ಸಾಕು. ಸ್ವಿಚ್ 0 ಇದ್ದರೆ ಬಾಡಿಗೆಯೂ 0.

ಇನ್ನೊಂದು ಅನುಕೂಲವೂ ಇದೆ, ಮುಂದೆ ತುಂಬ ಉಪಯೋಗಕ್ಕೆ ಬರುತ್ತದೆ. ‘ಮುಚ್ಚಿದೆ’ ಅನ್ನುವುದಕ್ಕೆ ಹೊಸ ಸ್ವಿಚ್ ಬೇಕಿಲ್ಲ. `1 - y_ma` ಬರೆದರೆ ಅದೇ ‘ಮಾಟುಂಗಾ ಮುಚ್ಚಿದೆ’.

“ಐದರಲ್ಲಿ ಎರಡಕ್ಕಿಂತ ಜಾಸ್ತಿ ಬೇಡ. ಇದನ್ನ ಹೇಗೆ ಹೇಳೋದು?”

ಎಲ್ಲ ಸ್ವಿಚ್ ಕೂಡಿಸಿ, 2ಕ್ಕಿಂತ ಜಾಸ್ತಿ ಆಗಬಾರದು ಎಂದು ಬರೆಯಿರಿ.

```
y_ma + y_mu + y_do + y_va + y_an <= 2
```

`<=` ಬದಲು `>=` ಹಾಕಿದರೆ ‘ಕನಿಷ್ಠ ಎರಡು’, `=` ಹಾಕಿದರೆ ‘ಸರಿಯಾಗಿ ಎರಡು’. ಇಲ್ಲಿ ಜನ ತಪ್ಪುವುದು ಕಡಿಮೆ. ತಪ್ಪಿದರೂ ಒಂದೇ ರೀತಿ: ಮಾಲೀಕರು ‘ಎರಡು ಸಾಕು’ ಅಂದಾಗ ಅದನ್ನು ‘ಸರಿಯಾಗಿ ಎರಡು’ ಅಂತ ಬರೆದುಬಿಡುತ್ತಾರೆ. ಒಂದೇ ಶೆಡ್ಡಿನಲ್ಲಿ ಕೆಲಸ ಆಗುವ ದಿನವೂ ಆಗ ಎರಡು ಬಾಡಿಗೆ ಕಟ್ಟಬೇಕಾಗುತ್ತದೆ. ಅವರು ಹೇಳಿದ್ದು ಮೇಲಿನ ಮಿತಿಯೋ, ಕಡ್ಡಾಯವೋ ಅಂತ ಕೇಳಿಕೊಳ್ಳಿ.

ನಮ್ಮ ಉದಾಹರಣೆಯನ್ನು ಕೈಯಲ್ಲೇ ಬಿಡಿಸಬಹುದು. ಐದರಲ್ಲಿ ಎರಡು ಆರಿಸಿದರೆ ಹತ್ತು ಜೋಡಿ. ಯಾವ ಒಂದು ಶೆಡ್ಡೂ ಒಂಟಿಯಾಗಿ 900 ಕೆಜಿ ರುಬ್ಬಲಾರದು. ಮುಲುಂಡ್-ವಾಶಿ ಜೋಡಿ 850ಕ್ಕೇ ನಿಲ್ಲುತ್ತದೆ, ಹಾಗಾಗಿ ಅದೂ ಹೋಯಿತು. ಉಳಿದ ಒಂಬತ್ತರಲ್ಲಿ, ಕೆಜಿಗೆ ಅಗ್ಗವಾದ ಶೆಡ್ಡನ್ನು ಪೂರ್ತಿ ಓಡಿಸಿ, ಬಾಕಿಯನ್ನು ಇನ್ನೊಂದರಲ್ಲಿ ರುಬ್ಬಬೇಕು. ಮುಲುಂಡ್-ಡೊಂಬಿವಲಿ ಜೋಡಿಗೆ ಬಾಡಿಗೆ 4000. ಮುಲುಂಡಿನ 400 ಕೆಜಿಗೆ 3200, ಡೊಂಬಿವಲಿಯ 500 ಕೆಜಿಗೆ 5000. ಒಟ್ಟು 12,200. ಇದೇ ಎಲ್ಲಕ್ಕಿಂತ ಅಗ್ಗ. ಡೊಂಬಿವಲಿ-ವಾಶಿ 12,400ಕ್ಕೆ ಬರುತ್ತದೆ. ಡೊಂಬಿವಲಿ ಇಲ್ಲದ ಜೋಡಿಗಳಲ್ಲಿ ಅಗ್ಗವಾದದ್ದು ಮಾಟುಂಗಾ-ಮುಲುಂಡ್, 12,700. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರಗಳಲ್ಲಿ ಇವನ್ನೇ ಇಟ್ಟುಕೊಂಡು ತಪ್ಪು ಹಿಡಿಯುತ್ತೇವೆ.

“ಎಕ್ಸೆಲ್‌ನಲ್ಲಿ IF ಫಾರ್ಮುಲಾ ಇದೆಯಲ್ಲ. ಅದನ್ನ ಹಾಕಿದರೆ ಮುಗೀತಲ್ವಾ?”

ಮುಗಿಯುವುದಿಲ್ಲ. `IF` ಒಂದು ಕಡೆ ಥಟ್ಟನೆ ಜಿಗಿಯುತ್ತದೆ. 0 ಕೆಜಿ ಇದ್ದಾಗ ಬಾಡಿಗೆ 0, ಒಂದು ಹಿಡಿ ಹಿಟ್ಟು ರುಬ್ಬಿದರೂ 4000. ನಿರ್ಬಂಧಗಳೊಳಗೆ ಅತ್ಯುತ್ತಮ ಉತ್ತರ ಹುಡುಕಿ ಕೊಡುವ ಸಾಧನಕ್ಕೆ ಸಾಲ್ವರ್ ಅನ್ನುತ್ತಾರೆ, ಎಕ್ಸೆಲ್ಲಿನಲ್ಲೂ ಒಂದಿದೆ. ಅದರ `Simplex LP` ವಿಧಾನ ನೇರ ಗೆರೆಯ ಲೆಕ್ಕಗಳಿಗೆ ಮಾತ್ರ. ಇಂಥ ಜಿಗಿತ ಸಿಕ್ಕರೆ ಲೀನಿಯರ್ ಷರತ್ತು ಪೂರೈಸಿಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಆಗ ಕೆಲವರು `GRG Nonlinear` ಆರಿಸುತ್ತಾರೆ. ಅದು ಉತ್ತರ ಕೊಡುತ್ತದೆ, ಆದರೆ ಸಿಕ್ಕಿದ ಜಾಗದಲ್ಲೇ ಕೂತುಬಿಡಬಹುದು. ಅದೇ ಅತ್ಯುತ್ತಮ ಅಂತ ನಂಬಲು ಆಗುವುದಿಲ್ಲ.

ಸ್ವಿಚ್‌ಗಳಿಗೆ ಐದು ಸೆಲ್ ಇಟ್ಟು, ಅವಕ್ಕೆ `bin` ನಿರ್ಬಂಧ ಹಾಕಿ, `Simplex LP` ಆರಿಸಿ. ಆಯ್ಕೆಗಳಲ್ಲಿ `Integer Optimality (%)` ಅಂತ ಒಂದಿದೆ. ಅದು ಮೊದಲಿನಿಂದಲೇ 1 ಇರುತ್ತದೆ. ಅಂದರೆ ಅತ್ಯುತ್ತಮಕ್ಕೆ ಶೇ. 1ರ ಹತ್ತಿರ ಬಂದರೆ ಸಾಕು ಎಂದು ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ ಅದು ದಿನಕ್ಕೆ 122 ರೂಪಾಯಿ. ಚಿಕ್ಕ ಮಾದರಿಗೆ ಅದನ್ನು 0 ಮಾಡಿಬಿಡಿ.

## ಹೀಗಾದರೆ ಹಾಗೆ

“ಡೊಂಬಿವಲಿ ತೆಗೆದರೆ ವಾಶಿ ತೆಗೀಲೇಬೇಕು. ಯಾವುದು ಎಡಗಡೆ, ಯಾವುದು ಬಲಗಡೆ? ಪ್ರತಿ ಸಲ ತಲೆ ಕೆಡುತ್ತೆ.”

ಇದು ಅತಿ ಹೆಚ್ಚು ಬರುವ ಪ್ರಶ್ನೆ. ನಿಧಾನವಾಗಿ ನೋಡೋಣ. ಕಾರಣ ಹೀಗಿದೆ: ಡೊಂಬಿವಲಿ ಶೆಡ್ಡಿನಲ್ಲಿ ಕೋಲ್ಡ್ ರೂಮ್ ಇಲ್ಲ. ರುಬ್ಬಿದ ಹಿಟ್ಟನ್ನು ವಾಶಿಯ ಕೋಲ್ಡ್ ರೂಮಿನಲ್ಲಿ ಇಡಬೇಕು. ಇಲ್ಲದಿದ್ದರೆ ಮೇ ತಿಂಗಳ ಸೆಕೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳಿ ಜಾಸ್ತಿಯಾಗುತ್ತದೆ.

‘ಏನಾಗಬೇಕು’ ಅಂತ ಯೋಚಿಸಬೇಡಿ. ಏನಾಗಬಾರದು ಅಂತ ಯೋಚಿಸಿ. ಎರಡು ಸ್ವಿಚ್ ಇದ್ದರೆ ನಾಲ್ಕೇ ಸ್ಥಿತಿ: ಎರಡೂ ಮುಚ್ಚಿವೆ, ವಾಶಿ ಮಾತ್ರ ತೆರೆದಿದೆ, ಎರಡೂ ತೆರೆದಿವೆ, ಡೊಂಬಿವಲಿ ಮಾತ್ರ ತೆರೆದಿದೆ. ಈ ನಾಲ್ಕರಲ್ಲಿ ಮಾತು ಮುರಿಯುವುದು ಕೊನೆಯದು ಒಂದೇ. ವಾಶಿ ಮಾತ್ರ ತೆರೆದರೆ ಏನೂ ತಪ್ಪಿಲ್ಲ, ಡೊಂಬಿವಲಿ ತೆಗೆಯದೇ ಇದ್ದಾಗ ಷರತ್ತು ಏನನ್ನೂ ಕೇಳುವುದಿಲ್ಲ.

ಹಾಗಾದರೆ ನಮ್ಮ ಕೆಲಸ ಆ ಒಂದು ಸ್ಥಿತಿಯನ್ನು ಹೊರಗೆ ಹಾಕುವುದು ಅಷ್ಟೇ. ‘ಡೊಂಬಿವಲಿ ತೆರೆದಿದೆ’ ಅಂದರೆ `y_do`. ‘ವಾಶಿ ಮುಚ್ಚಿದೆ’ ಅಂದರೆ `1 - y_va`. ಎರಡೂ ಒಟ್ಟಿಗೆ 1 ಆಗಬಾರದು. ಅಂದರೆ ಇವುಗಳ ಮೊತ್ತ 1ನ್ನು ದಾಟಬಾರದು.

```
y_do + (1 - y_va) <= 1
```

ಎರಡೂ ಕಡೆಯ 1 ಹೋಗಿ ಉಳಿಯುವುದು `y_do <= y_va`. ಎಡ-ಬಲ ಬಾಯಿಪಾಠ ಮಾಡಬೇಕಿಲ್ಲ. ಬೇಡದ ಸ್ಥಿತಿ ಹುಡುಕಿ, ಕೂಡಿಸಿ, ಒಂದು ಕಡಿಮೆ ಇರಲಿ ಎಂದು ಬರೆಯಿರಿ, ಸೂತ್ರ ತಾನಾಗಿ ಬರುತ್ತದೆ.

ಈಗ ಹಿಂದಿನ ಅಂಕಿಗಳಿಗೆ ಬನ್ನಿ. ಈ ಷರತ್ತು ಬಂದ ಮೇಲೆ ಮುಲುಂಡ್-ಡೊಂಬಿವಲಿ ನಡೆಯುವುದಿಲ್ಲ. ಡೊಂಬಿವಲಿ ಬೇಕಿದ್ದರೆ ಜೊತೆಗೆ ವಾಶಿಯೇ ಬರಬೇಕು: 12,400. ಡೊಂಬಿವಲಿ ಬೇಡದಿದ್ದರೆ 12,700. ಹಾಗಾಗಿ ಉತ್ತರ ಡೊಂಬಿವಲಿ-ವಾಶಿ. ಷರತ್ತಿನ ಬೆಲೆ ದಿನಕ್ಕೆ 200 ರೂಪಾಯಿ. ಡೊಂಬಿವಲಿಯಲ್ಲೇ ಕೋಲ್ಡ್ ರೂಮ್ ಮಾಡಿಸಲು ದಿನಕ್ಕೆ ಎಷ್ಟು ಖರ್ಚು ಮಾಡಬಹುದು ಅನ್ನುವುದಕ್ಕೂ ಇದೇ ಅಂಕಿ ಮಿತಿ.

ಅದನ್ನೇ ತಿರುಗಿಸಿ `y_va <= y_do` ಅಂತ ಬರೆದಿದ್ದರೆ? ಉತ್ತರ 12,200ರಲ್ಲೇ ನಿಂತಿರುತ್ತಿತ್ತು. ಡೊಂಬಿವಲಿ ತೆರೆದಿದೆ, ವಾಶಿ ಮುಚ್ಚಿದೆ. ನಾವು ಬೇಡ ಅಂದ ಸ್ಥಿತಿಯೇ ಕಣ್ಣ ಮುಂದೆ ಬಂದಿರುತ್ತಿತ್ತು. ಸಾಲ್ವರ್ ಯಾವ ತಪ್ಪನ್ನೂ ತೋರಿಸುವುದಿಲ್ಲ, ಅದರ ಪ್ರಕಾರ ಎಲ್ಲ ಸರಿ. ಆದ್ದರಿಂದ ಪ್ರತಿ ಷರತ್ತು ಬರೆದ ಮೇಲೂ ಬೇಡದ ಸ್ಥಿತಿಯ ಅಂಕಿಗಳನ್ನು ಕೈಯಾರೆ ಹಾಕಿ ನೋಡಿ. ಇಲ್ಲಿ `y_do = 1`, `y_va = 0`. ನಿರ್ಬಂಧ ಮುರಿದರೆ ಸರಿಯಾಗಿ ಬರೆದಿದ್ದೀರಿ. ಆಮೇಲೆ ಬೇಕಾದ ಮೂರೂ ಸ್ಥಿತಿ ಹಾಕಿ. ಅವು ಮುರಿಯಬಾರದು.

“ಎರಡೂ ಇದ್ದರೆ ಮೂರನೆಯದು ಬೇಕು, ಯಾವುದಾದರೊಂದು ಇದ್ದರೂ ಬೇಕು… ‘ಮತ್ತು’, ‘ಅಥವಾ’ ಬಂದಾಗ ಏನು ಮಾಡೋದು?”

ಅದೇ ದಾರಿ. ‘ಮಾಟುಂಗಾ ಮತ್ತು ಅಂಧೇರಿ ಎರಡೂ ತೆರೆದರೆ ಮುಲುಂಡ್ ತೆಗೆಯಬೇಕು’ ಅಂದರೆ, ಬೇಡದ ಸ್ಥಿತಿ ಒಂದೇ: ಮೊದಲೆರಡು ತೆರೆದು ಮುಲುಂಡ್ ಮುಚ್ಚಿರುವುದು. ಮೂರು ಅಂಶ ಇವೆ, ಮೂರೂ ಒಟ್ಟಿಗೆ ಬರಬಾರದು, ಹಾಗಾಗಿ ಮೊತ್ತ 2 ದಾಟಬಾರದು: `y_ma + y_an + (1 - y_mu) <= 2`. ಅಂದರೆ `y_ma + y_an - 1 <= y_mu`.

‘ಮಾಟುಂಗಾ ಅಥವಾ ಅಂಧೇರಿ ತೆರೆದರೆ ಮುಲುಂಡ್ ಬೇಕು’ ಅಂದರೆ ಅದು ಎರಡು ಬೇರೆ ಮಾತು. ಎರಡು ಸಾಲಾಗಿಯೇ ಬರೆಯಿರಿ: `y_ma <= y_mu` ಮತ್ತು `y_an <= y_mu`. ಒಂದೇ ಸಾಲಿನಲ್ಲಿ `y_ma + y_an <= 2*y_mu` ಅಂತ ಬರೆದರೂ 0-1ರಲ್ಲಿ ಅರ್ಥ ಒಂದೇ. ಆದರೆ ಸಾಲ್ವರ್ ಒಳಗೆ ಮೊದಲು ಸ್ವಿಚ್‌ಗಳಿಗೆ ಅರೆಬರೆ ಬೆಲೆ ಕೊಟ್ಟು ನೋಡುತ್ತದೆ. ಒಂದೇ ಸಾಲಿನದು `y_ma = 1`, `y_an = 0`, `y_mu = 0.5` ಅನ್ನು ಒಪ್ಪಿಕೊಳ್ಳುತ್ತದೆ. ಎರಡು ಸಾಲಿನದು ಒಪ್ಪುವುದಿಲ್ಲ. ಸಾಲು ಕಡಿಮೆ ಮಾಡಿದರೆ ಮಾದರಿ ಬೇಗ ಓಡುತ್ತದೆ ಅನ್ನುವುದು ಇಲ್ಲಿ ನಿಜವಲ್ಲ.

ಬಲಗಡೆ ‘ಅಥವಾ’ ಬಂದರೆ ಸುಲಭ. ‘ಡೊಂಬಿವಲಿ ತೆರೆದರೆ ವಾಶಿ ಅಥವಾ ಮುಲುಂಡ್, ಒಂದಾದರೂ ಇರಲಿ’: `y_do <= y_va + y_mu`.

“ಮಾಟುಂಗಾ ತೆಗೆದರೆ ಮಾತ್ರ ಉಳಿದ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಬೇಡ. ತೆಗೀದಿದ್ದರೆ ಎಷ್ಟಾದರೂ ಇರಲಿ. ಮಿತಿಯೇ ಬದಲಾಗುತ್ತಲ್ಲ?”

ಬದಲಾಗಲಿ. ಬಲಗಡೆಯ ಅಂಕಿಯೊಳಗೇ ಸ್ವಿಚ್ ಸೇರಿಸಿ.

```
y_mu + y_do + y_va + y_an <= 4 - 3*y_ma
```

ಮಾಟುಂಗಾ ಮುಚ್ಚಿದ್ದರೆ ಮಿತಿ 4, ಅಂದರೆ ಮಿತಿಯೇ ಇಲ್ಲದ ಹಾಗೆ. ತೆರೆದರೆ ಮಿತಿ 1. ‘ಮಿತಿ ಬೇಡ’ ಅನ್ನಲು 1000 ಬರೆಯುವ ಅಗತ್ಯ ಇರಲಿಲ್ಲ, ಗಮನಿಸಿ. ನಾಲ್ಕು ಸ್ವಿಚ್‌ಗಳ ಮೊತ್ತ ನಾಲ್ಕನ್ನು ದಾಟುವುದೇ ಇಲ್ಲ.

## ಸ್ವಿಚ್ ಮತ್ತು ಕೆಜಿ ಸೇರಿದಾಗ

“ಶೆಡ್ ಮುಚ್ಚಿದೆ ಅಂತ ತೋರಿಸ್ತಿದೆ, ಆದರೆ ಅಲ್ಲಿಂದಲೇ 500 ಕೆಜಿ ಹಿಟ್ಟು ಹೊರಡ್ತಿದೆ! ಹೆಂಗೆ?”

ಸ್ವಿಚ್ಚಿಗೂ ಹಿಟ್ಟಿಗೂ ನೀವು ನಂಟು ಹಾಕಿಲ್ಲ. ನಮಗೆ `y_ma` ಅಂದರೆ ಶೆಡ್, `x_ma` ಅಂದರೆ ಅದೇ ಶೆಡ್ಡಿನ ಹಿಟ್ಟು. ಸಾಲ್ವರಿಗೆ ಅವು ಎರಡು ಬೇರೆ ಬೇರೆ ಅಕ್ಷರ. ಬಾಡಿಗೆ ಉಳಿಸಲು ಸ್ವಿಚ್ 0 ಮಾಡುತ್ತದೆ, ಅಗ್ಗ ಅಂತ ಹಿಟ್ಟು ಅಲ್ಲೇ ರುಬ್ಬುತ್ತದೆ. ಬೇಡದ ಸ್ಥಿತಿ: ಸ್ವಿಚ್ 0, ಹಿಟ್ಟು 0ಗಿಂತ ಜಾಸ್ತಿ. ಅದನ್ನು ತಡೆಯುವ ಸಾಲು `x_ma <= 500*y_ma`. ಸ್ವಿಚ್ 0 ಆದರೆ ಹಿಟ್ಟೂ 0. ಸ್ವಿಚ್ 1 ಆದರೆ 500ರ ತನಕ. ಶೆಡ್ಡಿನ ಸಾಮರ್ಥ್ಯದ ಮಿತಿಯೂ ಇದರಲ್ಲೇ ಬಂತು.

ಪೂರ್ತಿ ಮಾದರಿ ಪೈಥಾನ್‌ನ PuLP ಲೈಬ್ರರಿಯಲ್ಲಿ ಇಷ್ಟೇ:

```python
from pulp import *
K = ["ma", "mu", "do", "va", "an"]
rent = dict(zip(K, [4000, 2500, 1500, 2800, 3600]))
cap  = dict(zip(K, [500, 400, 600, 450, 500]))
cost = dict(zip(K, [6, 8, 10, 8, 7]))
p = LpProblem("hittu", LpMinimize)
y = LpVariable.dicts("y", K, cat="Binary")
x = LpVariable.dicts("x", K, lowBound=0)
p += lpSum(rent[k]*y[k] + cost[k]*x[k] for k in K)
p += lpSum(x[k] for k in K) == 900
p += lpSum(y[k] for k in K) <= 2
p += y["do"] <= y["va"]
for k in K:
    p += x[k] <= cap[k]*y[k]
p.solve()
```

ಓಡಿಸಿದರೆ ಡೊಂಬಿವಲಿ 450, ವಾಶಿ 450, ಒಟ್ಟು 12,400 ಬರಬೇಕು. ಕೈಲೆಕ್ಕವೂ ಅದೇ ಹೇಳಿತ್ತು. ‘ತೆರೆದರೆ ಕನಿಷ್ಠ 200 ಕೆಜಿ ರುಬ್ಬಲೇಬೇಕು, ಇಲ್ಲದಿದ್ದರೆ ಆಳಿನ ಕೂಲಿಯೂ ಹುಟ್ಟುವುದಿಲ್ಲ’ ಅನ್ನುವುದಾದರೆ `x[k] >= 200*y[k]` ಅಂತ ಇನ್ನೊಂದು ಸಾಲು ಸೇರಿಸಿ.

“ಆ 500ರ ಜಾಗದಲ್ಲಿ ದೊಡ್ಡದೊಂದು M ಹಾಕಿ ಅಂತ ಪುಸ್ತಕದಲ್ಲಿದೆ. 10 ಲಕ್ಷ ಹಾಕಿದರೆ ಸೇಫ್ ಅಲ್ವಾ?”

ಸೇಫ್ ಅಲ್ಲ. ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ.

ಮೊದಲನೆಯದು ನಿಧಾನ. ಸಾಲ್ವರ್ ಮೊದಲು ಸ್ವಿಚ್‌ಗಳಿಗೆ 0ಯಿಂದ 1ರ ನಡುವೆ ಯಾವ ಬೆಲೆಯನ್ನಾದರೂ ಬಿಟ್ಟು, ಸುಲಭವಾದ ಲೆಕ್ಕ ಬಿಡಿಸುತ್ತದೆ. ಅಲ್ಲಿಂದ ಸಿಗುವ ಅಂಕಿ ಒಂದು ನೆಲ. ನಿಜವಾದ ಖರ್ಚು ಅದಕ್ಕಿಂತ ಕಡಿಮೆ ಆಗಲಾರದು. ಆಮೇಲೆ ಅರೆಬರೆ ಬಂದ ಸ್ವಿಚ್ಚನ್ನು ಒಮ್ಮೆ 0, ಒಮ್ಮೆ 1 ಮಾಡಿ ಕೊಂಬೆ ಒಡೆಯುತ್ತಾ ಹೋಗುತ್ತದೆ. ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡಾಯ್ಗ್ 1960ರಲ್ಲಿ ಪ್ರಕಟಿಸಿದ ಈ ದಾರಿಯೇ ಇವತ್ತಿನ ಸಾಲ್ವರುಗಳ ಬೆನ್ನೆಲುಬು. ನೆಲ ನಿಜಕ್ಕೆ ಹತ್ತಿರ ಇದ್ದಷ್ಟೂ ಕೊಂಬೆಗಳನ್ನು ಬೇಗ ಕಡಿದು ಹಾಕಬಹುದು.

ನಮ್ಮ ಲೆಕ್ಕದಲ್ಲೇ ನೋಡಿ. ವಾಶಿಯ ಷರತ್ತು ಸದ್ಯ ಬಿಡಿ, ನಿಜವಾದ ಉತ್ತರ 12,200. M ಜಾಗದಲ್ಲಿ ಆಯಾ ಶೆಡ್ಡಿನ ಸಾಮರ್ಥ್ಯ ಹಾಕಿದರೆ, ಅರೆಬರೆ ಲೆಕ್ಕ ಡೊಂಬಿವಲಿಯನ್ನು ಪೂರ್ತಿ ಓಡಿಸಿ, ಮಾಟುಂಗಾ ಸ್ವಿಚ್ಚನ್ನು 0.6 ಮಾಡಿ 300 ಕೆಜಿ ತರುತ್ತದೆ. ನೆಲ 11,700. ಹತ್ತಿರವೇ ಇದೆ. ಈಗ ಸಾಮರ್ಥ್ಯವನ್ನು ಬೇರೆ ಸಾಲಿನಲ್ಲಿ ಬರೆದು, ಎಲ್ಲ ಕಡೆ M = 10,000 ಹಾಕಿ. ಮಾಟುಂಗಾದ 500 ಕೆಜಿಗೆ ಸ್ವಿಚ್ 0.05 ಆದರೆ ಸಾಕು. 4000 ಬಾಡಿಗೆಯ ಜಾಗದಲ್ಲಿ ಬರೀ 200 ರೂಪಾಯಿ ಕಟ್ಟುತ್ತದೆ. ಅಂಧೇರಿಯ 400 ಕೆಜಿಗೆ 0.04. ಒಟ್ಟು ನೆಲ 6,144. ನಿಜದ ಅರ್ಧದಷ್ಟು. ಐದು ಶೆಡ್ಡಿಗೆ ಇದರಿಂದ ಏನೂ ತೊಂದರೆ ಕಾಣುವುದಿಲ್ಲ. ಐನೂರು ಜಾಗ ಆದಾಗ ನಿಮಿಷದ ಕೆಲಸ ರಾತ್ರಿಯೆಲ್ಲ ಓಡುತ್ತದೆ.

ಎರಡನೆಯದು ಸೋರಿಕೆ. ಇದು ಹೆಚ್ಚು ಅಪಾಯ. ಸಾಲ್ವರುಗಳು 0.00001ರಷ್ಟು ಬೆಲೆಯನ್ನೂ 0 ಎಂದೇ ಒಪ್ಪಿಕೊಳ್ಳಬಹುದು. ಗುರೋಬಿ ಎಂಬ ಸಾಲ್ವರಿನಲ್ಲಿ ಈ ಸಡಿಲಿಕೆಯ ಹೆಸರು `IntFeasTol`, ಅದರ ಮೂಲ ಬೆಲೆ ಇದೇ. M 10 ಲಕ್ಷ ಇದ್ದರೆ, 10 ಲಕ್ಷ × 0.00001 = 10 ಕೆಜಿ. ಮುಚ್ಚಿದ ಶೆಡ್ಡಿನಿಂದ 10 ಕೆಜಿ ಹಿಟ್ಟು, ಬಾಡಿಗೆ ನಾಲ್ಕು ಪೈಸೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಮುಚ್ಚಿದ ಗೋದಾಮಿನಿಂದ ದಿನಾ ಒಂದಿಷ್ಟು ಸರಕು ಹೊರಡುತ್ತಿದೆ ಅಂತ ವರದಿ ಬರುತ್ತಿತ್ತು. ಎರಡು ವಾರ ಡೇಟಾದಲ್ಲಿ ತಪ್ಪು ಹುಡುಕಿದೆವು. ಡೇಟಾ ಸರಿಯಾಗಿತ್ತು. M ದೊಡ್ಡದಿತ್ತು. ಉತ್ತರದಲ್ಲಿ ಸ್ವಿಚ್ 0 ಇದ್ದೂ ಹಿಟ್ಟು ಚೂರು ಕಂಡರೆ, ಸ್ವಿಚ್ಚಿನ ಬೆಲೆಯನ್ನು ಎಂಟು ದಶಮಾಂಶದ ತನಕ ಪ್ರಿಂಟ್ ಮಾಡಿ ನೋಡಿ.

ಹಾಗಾದರೆ M ಎಷ್ಟು? ಆ ಸಾಲು ‘ಬಿಟ್ಟಿದೆ’ ಅನ್ನುವಾಗ ಎಡಗಡೆ ಎಷ್ಟರ ತನಕ ಹೋಗಬಹುದೋ ಅಷ್ಟೇ, ಒಂದು ಕೆಜಿಯೂ ಜಾಸ್ತಿ ಬೇಡ. ಪ್ರತಿ ಸಾಲಿಗೂ ಬೇರೆ ಬೇರೆ M. ಸಾಮರ್ಥ್ಯ 500, ಒಟ್ಟು ಬೇಡಿಕೆ 300 ಇದ್ದರೆ M = 300.

“ಡೊಂಬಿವಲಿಯಿಂದ 400 ಕೆಜಿ ದಾಟಿದರೆ ಎರಡನೇ ಟೆಂಪೊ ಬೇಕು. ಇಲ್ಲಿ ‘ಆದರೆ’ ಅನ್ನೋದು ಕೆಜಿ ಮೇಲೆ ಇದೆಯಲ್ಲ, ಮಾರಾಯ್ರೆ?”

ಟೆಂಪೊಗೊಂದು ಸ್ವಿಚ್ `t` ಇಡಿ. ಬೇಡದ ಸ್ಥಿತಿ: ಟೆಂಪೊ ಇಲ್ಲ, ಹಿಟ್ಟು 400 ದಾಟಿದೆ. ಅದನ್ನೇ ತಿರುಗಿಸಿ ಹೇಳಿ: ಟೆಂಪೊ ಇಲ್ಲದಿದ್ದರೆ ಹಿಟ್ಟು 400ರೊಳಗೆ ಇರಬೇಕು. ಮಾತು ಅದೇ, ಆದರೆ ಈಗ ‘ಆದರೆ’ ಸ್ವಿಚ್ಚಿನ ಕಡೆ ಬಂತು.

```
x_do <= 400 + 200*t
```

ಶೆಡ್ 600 ದಾಟುವುದಿಲ್ಲ, ಆದ್ದರಿಂದ M 200. ವಾಶಿಯ ಷರತ್ತನ್ನು ಮತ್ತೆ ಸೇರಿಸಿಕೊಳ್ಳಿ. ಟೆಂಪೊ ಬಾಡಿಗೆ ದಿನಕ್ಕೆ 350 ಅಂದುಕೊಳ್ಳಿ. ಖರ್ಚಿಗೆ `350*t` ಸೇರಿಸಿ. ಡೊಂಬಿವಲಿ-ವಾಶಿ ಜೋಡಿಯಲ್ಲಿ ವಾಶಿ 450 ದಾಟಲಾರದು, ಆದ್ದರಿಂದ ಡೊಂಬಿವಲಿಗೆ 450 ಬಂದೇ ಬರುತ್ತದೆ. ಟೆಂಪೊ ಬೇಕಾಗುತ್ತದೆ. 12,400 ಇದ್ದದ್ದು 12,750 ಆಯಿತು. ಮಾಟುಂಗಾ-ಮುಲುಂಡ್ 12,700ರಲ್ಲೇ ಇದೆ. ಉತ್ತರ ಅಲ್ಲಿಗೆ ಜಿಗಿಯಿತು. ಒಂದು ಟೆಂಪೊ ಎರಡೂ ಶೆಡ್ ಬದಲಿಸಿತು. ಕೆಜಿಗೆ ಇಷ್ಟು ಅಂತ ಸರಾಸರಿ ಹಿಡಿದು ಲೆಕ್ಕ ಹಾಕಿದ್ದರೆ ಇದು ಕಾಣುತ್ತಿರಲಿಲ್ಲ.

“ವಾಶಿಯಲ್ಲಿ 300 ಕೆಜಿ ಆದರೆ ಅಕ್ಕಿಗೆ ರಿಯಾಯಿತಿ. ಇದಕ್ಕೂ ಅದೇ ಸೂತ್ರ ಹಾಕಿದೆ, 100 ಕೆಜಿಗೇ ರಿಯಾಯಿತಿ ತಗೊಳ್ತಿದೆ.”

ದಿಕ್ಕು ಬೇರೆ. ಟೆಂಪೊ ಖರ್ಚು, ಸಾಲ್ವರ್ ಆ ಸ್ವಿಚ್ಚನ್ನು 0 ಮಾಡಲು ನೋಡುತ್ತದೆ. ನಾವು 1ಕ್ಕೆ ಎಳೆಯಬೇಕು. ರಿಯಾಯಿತಿ ಲಾಭ, ಅದರ ಸ್ವಿಚ್ `s`ಅನ್ನು ಸಾಲ್ವರ್ ತಾನೇ 1 ಮಾಡಲು ನೋಡುತ್ತದೆ. ನಾವು ತಡೆಯಬೇಕು. ಬೇಡದ ಸ್ಥಿತಿ: ರಿಯಾಯಿತಿ ಇದೆ, ಹಿಟ್ಟು 300 ಮುಟ್ಟಿಲ್ಲ. ಸಾಲು `x_va >= 300*s`. ಇದಿಷ್ಟೇ ಸಾಕು. 300 ಮುಟ್ಟಿದ ಮೇಲೆ `s`ಅನ್ನು 1 ಮಾಡು ಅಂತ ಹೇಳಬೇಕಿಲ್ಲ, ಲಾಭ ಇರುವುದರಿಂದ ತಾನೇ ಮಾಡುತ್ತದೆ.

ಸ್ವಿಚ್ಚಿನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ, ಸುಮ್ನೆ ಎಣಿಸಬೇಕು ಅಂದಾಗ ಮಾತ್ರ ಎರಡೂ ದಿಕ್ಕು ಬರೆಯಬೇಕು. ಆಗ ‘300ಕ್ಕಿಂತ ಕಡಿಮೆ’ ಅನ್ನುವುದು ತೊಡಕು. ಸಾಲ್ವರಿಗೆ ‘ಕಡಿಮೆ’ ಗೊತ್ತಿಲ್ಲ, ‘ಕಡಿಮೆ ಅಥವಾ ಸಮ’ ಮಾತ್ರ ಗೊತ್ತು. ನೀವು ಒಂದು ಕೆಜಿ ಪ್ಯಾಕೆಟ್ಟಿನಲ್ಲೇ ಮಾರುವುದಾದರೆ `x_va` ಪೂರ್ಣಾಂಕ, 300ಕ್ಕಿಂತ ಕಡಿಮೆ ಅಂದರೆ 299. ಸಾಲು `x_va <= 299 + 151*s`. ಸಾಮರ್ಥ್ಯ 450, ಆದ್ದರಿಂದ 151. ಬಿಡಿಯಾಗಿ ತೂಗಿ ಮಾರುವುದಾದರೆ ಎಷ್ಟು ವ್ಯತ್ಯಾಸ ನಿಮಗೆ ಮುಖ್ಯ ಅಂತ ನೀವೇ ಹೇಳಬೇಕು. ಅರ್ಧ ಕೆಜಿ ಅನ್ನಿ, 299.5 ಬರೆಯಿರಿ. 299.9999999 ಬರೆದರೆ ಅದು ಸಾಲ್ವರಿನ ಸಡಿಲಿಕೆಯೊಳಗೇ ಕರಗಿ ಹೋಗುತ್ತದೆ.

## ಇನ್ನೂ ಸ್ವಲ್ಪ ಮುಂದೆ

“ಗಣೇಶ ಹಬ್ಬದ ವಾರ 1300 ಕೆಜಿ ಹಾಕಿದೆ. Infeasible ಅಂತ ಬಂತು. ಎಲ್ಲಿ ತಪ್ಪು ಅಂತ ಹೇಳ್ತಾನೇ ಇಲ್ಲ.”

Infeasible ಅಂದರೆ ಎಲ್ಲ ಷರತ್ತನ್ನೂ ಒಟ್ಟಿಗೆ ಪಾಲಿಸುವ ಉತ್ತರವೇ ಇಲ್ಲ ಅಂತ. ಮೊದಲು ಕೈಲೆಕ್ಕ. ಅತಿ ದೊಡ್ಡ ಎರಡು ಶೆಡ್ ಸೇರಿಸಿದರೂ 600 + 500 = 1100. ಎರಡೇ ಶೆಡ್ ಎಂಬ ಮಿತಿಯಲ್ಲಿ 1300 ಸಾಧ್ಯವೇ ಇಲ್ಲ. ‘n ರಲ್ಲಿ k’ ಮಿತಿ ಇದ್ದಾಗ ದೊಡ್ಡ k ಸಾಮರ್ಥ್ಯ ಕೂಡಿಸಿ ಬೇಡಿಕೆ ಮುಟ್ಟುತ್ತದೆಯೇ ನೋಡುವುದು ಮೊದಲ ಪರೀಕ್ಷೆ.

ಅದರಲ್ಲಿ ಸಿಗದಿದ್ದರೆ ಮಿತಿಯನ್ನು ಸಡಿಲ ಮಾಡಿ, ಸಡಿಲಕ್ಕೆ ಬೆಲೆ ಇಡಿ. `e` ಅಂತ ಋಣ ಅಲ್ಲದ ಪೂರ್ಣಾಂಕ ಸೇರಿಸಿ, ಸ್ವಿಚ್‌ಗಳ ಮೊತ್ತ `<= 2 + e` ಮಾಡಿ, ಖರ್ಚಿಗೆ `20000*e` ಸೇರಿಸಿ. ಈಗ ಉತ್ತರ ಬರುತ್ತದೆ, ಜೊತೆಗೆ `e = 1` ಅಂತ ತೋರಿಸುತ್ತದೆ: ಇನ್ನೊಂದು ಶೆಡ್ ಬೇಕೇ ಬೇಕು. ಅನುಮಾನ ಇರುವ ಪ್ರತಿ ಷರತ್ತಿಗೂ ಹೀಗೆ ಒಂದೊಂದು ಸಡಿಲ ಇಟ್ಟರೆ ಯಾವುದು ಅಡ್ಡ ಬಂತು ಅಂತ ತಾನೇ ಗೊತ್ತಾಗುತ್ತದೆ. ಗುರೋಬಿ ಇದ್ದವರಿಗೆ `computeIIS()` ಜಗಳವಾಡುವ ಸಾಲುಗಳ ಗುಂಪನ್ನು ಎತ್ತಿ ಕೊಡುತ್ತದೆ.

“ಐದು ಏರಿಯಾಕ್ಕೂ 7 ಗಂಟೆಯೊಳಗೆ ಹಿಟ್ಟು ಮುಟ್ಟಬೇಕು. ಒಂದು ಕಡೆ ತಡವಾದರೆ ನಡೆಯುತ್ತೆ. ಯಾವ ಕಡೆ ಅಂತ ಮೊದಲೇ ಗೊತ್ತಿಲ್ಲ.”

ಇಲ್ಲಿ ಆರಿಸುವುದು ಶೆಡ್ಡನ್ನಲ್ಲ, ನಿರ್ಬಂಧವನ್ನೇ. ಐದು ನಿಯಮಗಳಲ್ಲಿ ಒಂದನ್ನು ಮುರಿಯಲು ಅನುಮತಿ. ಪ್ರತಿ ಏರಿಯಾಕ್ಕೆ ಒಂದು ಅನುಮತಿ ಸ್ವಿಚ್ `z` ಇಡಿ. ಅಲ್ಲಿಗೆ ಹಿಟ್ಟು ಮುಟ್ಟುವ ಸಮಯ `T`. ನಡುರಾತ್ರಿಯಿಂದ ನಿಮಿಷ ಎಣಿಸಿದರೆ 7 ಗಂಟೆ ಅಂದರೆ 420. ಎಷ್ಟೇ ತಡವಾದರೂ 8 ಗಂಟೆ ಮೀರಬಾರದು ಅಂದರೆ M 60.

```
T[i] <= 420 + 60*z[i]      # i = 1..5
z[1] + z[2] + z[3] + z[4] + z[5] <= 1
```

ಒಂದು ಎಚ್ಚರ. `z = 1` ಅಂದರೆ ‘ತಡವಾಯಿತು’ ಅಲ್ಲ, ‘ತಡವಾಗಲು ಅನುಮತಿ ಇದೆ’. ಅನುಮತಿ ಪುಕ್ಕಟೆ ಆದ್ದರಿಂದ 6:40ಕ್ಕೇ ಹಿಟ್ಟು ಮುಟ್ಟಿದ ಏರಿಯಾದಲ್ಲೂ ಸಾಲ್ವರ್ `z`ಅನ್ನು 1 ಇಟ್ಟಿರಬಹುದು. ತಿಂಗಳ ಕೊನೆಗೆ ಎಷ್ಟು ತಡ ಅಂತ ಎಣಿಸುವಾಗ `z` ಕೂಡಿಸಬೇಡಿ, `T` ನೋಡಿ. ಇಲ್ಲವೇ ಖರ್ಚಿನಲ್ಲಿ `z`ಗೆ ಒಂದು ರೂಪಾಯಿಯಾದರೂ ಇಡಿ. ಬೇಡದ ಕಡೆ ಅದು ತಾನೇ 0 ಆಗುತ್ತದೆ.

“ಸಾಲ್ವರಿನಲ್ಲಿ ಇಂಡಿಕೇಟರ್ ಅಂತ ನೇರವಾಗಿ ಬರೆಯೋ ವಿಧಾನ ಇದೆಯಲ್ಲ. ಈ M ತಲೆನೋವು ಯಾಕೆ?”

ಗುರೋಬಿ, ಸಿಪ್ಲೆಕ್ಸ್, ಸ್ಕಿಪ್ ಮೂರರಲ್ಲೂ ಇದೆ. ‘ಈ ಸ್ವಿಚ್ 0 ಆದರೆ ಈ ಸಾಲು ಪಾಲಿಸು’ ಎಂದು ಹಾಗೇ ಬರೆಯಬಹುದು. ಒಳ್ಳೆಯ M ಸಿಗದ ಕಡೆ, ಅಂದರೆ ಎಡಗಡೆಗೆ ಮೇಲಿನ ಮಿತಿಯೇ ಗೊತ್ತಿಲ್ಲದ ಕಡೆ, ನಾನೂ ಅದನ್ನೇ ಬಳಸುತ್ತೇನೆ. ಸೋರಿಕೆಯ ಕಾಟ ತಪ್ಪುತ್ತದೆ. ಆದರೆ ಮಿತಿ ಗೊತ್ತಿದ್ದಾಗ ಬಿಗಿಯಾದ M ಇರುವ ಸಾಲು ಸಾಮಾನ್ಯವಾಗಿ ಬೇಗ ಓಡುತ್ತದೆ. ಅರೆಬರೆ ಲೆಕ್ಕದಲ್ಲಿ ಅದು ಮೊದಲಿನಿಂದಲೇ ನೆಲವನ್ನು ಎತ್ತಿ ಹಿಡಿಯುತ್ತದೆ, ಇಂಡಿಕೇಟರ್ ಸಾಲು ಕೊಂಬೆ ಒಡೆದ ಮೇಲಷ್ಟೇ ಪೂರ್ತಿ ಕೆಲಸಕ್ಕೆ ಬರುವುದುಂಟು. ಹಿಟ್ಟಿನ ಶೆಡ್ಡಿಗೆ 500 ಅಂತ ಮಿತಿ ಕೈಯಲ್ಲೇ ಇದೆ, ಅಲ್ಲಿ `x_ma <= 500*y_ma` ಸಾಕು. PuLP ಜೊತೆ CBC ಸಾಲ್ವರ್ ಬಳಸುವವರಂತೂ M ಲೆಕ್ಕ ಹಾಕುವುದನ್ನು ರೂಢಿ ಮಾಡಿಕೊಳ್ಳಲೇಬೇಕು.